ಇಂಟರ್ನ್‌ಶಿಪ್ಪಿನ ಆರನೇ ವಾರ: ಗೈಡ್ ಮುಂದಿಡುವ ಹಾಳೆಯಲ್ಲಿ ಏನಿರಬೇಕು?

ಹನ್ನೆರಡು ವಾರದ ಇಂಟರ್ನ್‌ಶಿಪ್ಪಿಗೆ ಹೋದ ವಿದ್ಯಾರ್ಥಿಗಳಿಗೆ ಆರನೇ ವಾರದ ಹೊತ್ತಿಗೆ ಒಂದು ಕೆಲಸ ಬೀಳುತ್ತದೆ. ಕಾರ್ಖಾನೆಯ ಗೈಡು, ಕಾಲೇಜಿನ ಗೈಡು ಇಬ್ಬರೂ ಕೂರುವ ಮೀಟಿಂಗಿಗೆ ತಮ್ಮ ಬಗ್ಗೆ ತಾವೇ ಒಂದು ವರದಿ ಬರೆದುಕೊಂಡು ಹೋಗಬೇಕು. ನಮೂನೆಯಲ್ಲಿ ಸಾಮಾನ್ಯವಾಗಿ ಮೂರು ಖಾನೆ: ಈವರೆಗಿನ ಪ್ರಗತಿ, ಕಂಡ ಕೊರತೆ, ಉಳಿದ ವಾರಗಳ ಗುರಿ. ಮೀಟಿಂಗಿನ ಹಿಂದಿನ ರಾತ್ರಿ ಇದನ್ನು ತುಂಬುವವರೇ ಹೆಚ್ಚು. ತುಂಬುವುದೂ ಹೀಗೆ: ‘ವಿವಿಧ ಪರೀಕ್ಷಾ ವಿಧಾನಗಳ ಬಗ್ಗೆ ಉತ್ತಮ ಜ್ಞಾನ ಗಳಿಸಿದ್ದೇನೆ. ತಂಡದೊಂದಿಗೆ ಕೆಲಸ ಮಾಡುವುದನ್ನು ಕಲಿತಿದ್ದೇನೆ. ಸಮಯ ನಿರ್ವಹಣೆಯಲ್ಲಿ ಸುಧಾರಿಸಬೇಕಿದೆ. ಮುಂದಿನ ವಾರಗಳಲ್ಲಿ ಇನ್ನಷ್ಟು ಕಲಿಯುವ ಗುರಿ ಇದೆ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದ ಗೈಡ್ ಏನು ಮಾಡಬೇಕು? ತಲೆಯಾಡಿಸಿ, ‘ಗುಡ್, ಕಂಟಿನ್ಯೂ’ ಎಂದು ಸಹಿ ಹಾಕುತ್ತಾರೆ. ಏಳನೇ ವಾರ ಆರನೇ ವಾರದ ಹಾಗೆಯೇ ನಡೆಯುತ್ತದೆ. ಮುಂದಿನ ಆರು ವಾರಕ್ಕೆ ಯಾವ ಶಿಫ್ಟು, ಯಾವ ವಿಭಾಗ, ಯಾವ ಕೆಲಸವನ್ನು ಈ ಹುಡುಗನ ಕೈಗೆ ಬಿಡಬಹುದು ಎಂದು ತೀರ್ಮಾನಿಸಲು ಆ ಹಾಳೆಯಲ್ಲಿ ಆಧಾರವೇ ಇರುವುದಿಲ್ಲ. ಮೀಟಿಂಗ್ ಕರೆಯುವುದೇ ಆ ತೀರ್ಮಾನಕ್ಕೆ.

ಹಾಳೆ ಹೇಗಿರಬೇಕು ಎನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡುವುದು ಒಳ್ಳೆಯದು. ಡೇರಿ ಟೆಕ್ನಾಲಜಿ ಓದುವ ಹುಡುಗಿಯೊಬ್ಬಳು ಒಂದು ಹಾಲಿನ ಡೇರಿಯ ಕ್ವಾಲಿಟಿ ಲ್ಯಾಬಿಗೆ ಬಂದಿದ್ದಾಳೆ ಎಂದುಕೊಳ್ಳೋಣ. ಮೊದಲ ದಿನ ಕೊಟ್ಟ ತರಬೇತಿ ಪಟ್ಟಿಯಲ್ಲಿ ನಾಲ್ಕು ವಿಷಯಗಳಿವೆ. ಟ್ಯಾಂಕರಿನಲ್ಲಿ ಬರುವ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಪರೀಕ್ಷೆ. ಹಾಲು ಎಷ್ಟು ಹೊತ್ತು ಕೆಡದೆ ನಿಲ್ಲುತ್ತದೆಂದು ಅಂದಾಜಿಸುವ ಮೆಥಿಲೀನ್ ಬ್ಲೂ ಪರೀಕ್ಷೆ. ಪ್ಯಾಕಿಂಗ್ ವಿಭಾಗದಲ್ಲಿ ಒಂದು ವಾರ. ಕೊನೆಗೆ ಒಂದು ಚಿಕ್ಕ ಪ್ರಾಜೆಕ್ಟು. ಶೀತಲೀಕರಣ ಕೇಂದ್ರದಲ್ಲಿ ಹಾಲು ಹೊರಡುವಾಗ ಬರೆದ ಫ್ಯಾಟಿಗೂ ಡೇರಿಗೆ ಬಂದಮೇಲೆ ಸಿಗುವ ಫ್ಯಾಟಿಗೂ ಯಾಕೆ ವ್ಯತ್ಯಾಸ ಬರುತ್ತದೆ ಎಂದು ಹುಡುಕುವುದು ಆ ಪ್ರಾಜೆಕ್ಟು.

ಮೊದಲ ಖಾನೆ, ಪ್ರಗತಿ. ಅವಳ ಮೊದಲ ಕರಡಿನಲ್ಲಿ ಇದ್ದದ್ದು ಒಂದೇ ಸಾಲು: ‘ಗರ್ಬರ್ ಪರೀಕ್ಷೆ ಕಲಿತೆ.’

ಈ ಪರೀಕ್ಷೆ ನೋಡುವುದಕ್ಕೆ ಸುಲಭ. ಉದ್ದ ಕತ್ತಿನ ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿಲಿ ಗಂಧಕಾಮ್ಲ ಹಾಕಬೇಕು. ಅದರ ಮೇಲೆ 10.75 ಮಿಲಿ ಹಾಲನ್ನು ಕೊಳವೆಯ ಗೋಡೆಗುಂಟ ಮೆಲ್ಲಗೆ ಇಳಿಬಿಡಬೇಕು. ಒಮ್ಮೆಲೇ ಸುರಿದರೆ ಆಮ್ಲದ ಕಾವಿಗೆ ಹಾಲು ಸುಟ್ಟು ಕರಿಯಾಗುತ್ತದೆ. ಮೇಲೆ 1 ಮಿಲಿ ಅಮೈಲ್ ಆಲ್ಕೊಹಾಲ್. ಬಿರಡೆ ಬಿಗಿದು, ಬಟ್ಟೆ ಸುತ್ತಿ ಕುಲುಕಿದರೆ ಕೊಳವೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಸುಮಾರು ಐದು ನಿಮಿಷ ತಿರುಗಿಸಿ, 65 ಡಿಗ್ರಿ ನೀರಿನಲ್ಲಿ ಇಟ್ಟು, ಕತ್ತಿನಲ್ಲಿ ಮೇಲೆದ್ದು ನಿಂತ ಕೊಬ್ಬಿನ ಕಂಬವನ್ನು ಓದಬೇಕು. ಕಂಬ ತಿಳಿಹಳದಿಯಾಗಿ ಸ್ವಚ್ಛವಾಗಿದ್ದರೆ ಪರೀಕ್ಷೆ ಸರಿಯಾಗಿದೆ ಎಂದರ್ಥ. ಕೆಳಗೆ ಕರಿ ಚುಕ್ಕೆ ಕಂಡರೆ ಆಮ್ಲ ತೀರಾ ಗಟ್ಟಿಯಿದೆ. ಬಿಳಿ ಕಣ ಕಂಡರೆ ಆಮ್ಲ ತೆಳುವಾಗಿದೆ, ಇಲ್ಲವೇ ಕುಲುಕಿದ್ದು ಸಾಲಲಿಲ್ಲ.

ಎರಡು ದಿನ ನಿಂತು ನೋಡಿದವರೂ ‘ಕಲಿತೆ’ ಎಂದು ಬರೆಯಬಹುದು, ಇನ್ನೂರು ಕೊಳವೆ ಮಾಡಿದವರೂ ಅದನ್ನೇ ಬರೆಯಬಹುದು. ಓದುವ ಗೈಡಿಗೆ ಬೇಕಿರುವುದು ಬೇರೆ: ನಾಳೆ ಕೆಮಿಸ್ಟ್ ರಜೆ ಹಾಕಿದರೆ ಟ್ಯಾಂಕರಿನ ಹಾಳೆಯಲ್ಲಿ ಈ ಹುಡುಗಿ ಬರೆದ ಫ್ಯಾಟನ್ನು ನಂಬಬಹುದೇ? 10,000 ಲೀಟರಿನ ಒಂದು ಟ್ಯಾಂಕರಿನಲ್ಲಿ 0.1ರಷ್ಟು ಫ್ಯಾಟ್ ತಪ್ಪಿದರೆ ಸುಮಾರು ಹತ್ತು ಕಿಲೋ ಕೊಬ್ಬಿನ ಲೆಕ್ಕ ತಪ್ಪಿತು. ಹಾಲಿಗೆ ದುಡ್ಡು ಕೊಡುವುದೇ ಫ್ಯಾಟ್, ಎಸ್‌ಎನ್‌ಎಫ್ ನೋಡಿ. ಹಾಗಾಗಿ ನೋಡಿದ್ದೇನು, ಪಕ್ಕದಲ್ಲಿ ಯಾರಾದರೂ ನಿಂತಾಗ ಮಾಡಿದ್ದೇನು, ಒಬ್ಬಳೇ ಮಾಡಿದ್ದೇನು ಎಂದು ಬಿಡಿಸಿ ಬರೆಯುವುದು ಮೊದಲ ತಿದ್ದುಪಡಿ. ವೈದ್ಯಕೀಯ ಶಿಕ್ಷಣದವರು ಈ ಮೆಟ್ಟಿಲುಗಳ ಬಗ್ಗೆ ಬಹಳ ಹಿಂದೆಯೇ ಯೋಚಿಸಿದ್ದಾರೆ. ಜಾರ್ಜ್ ಮಿಲ್ಲರ್ 1990ರಲ್ಲಿ ಬರೆದ ಲೇಖನದಲ್ಲಿ ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯ ಮಾಡುವುದು ಎಂದು ನಾಲ್ಕು ಹಂತ ಹೇಳಿದ್ದರು. ಮಧ್ಯಾವಧಿ ವರದಿಯಲ್ಲಿ ಈ ಹಂತಗಳ ಹೆಸರು ಬೇಕಿಲ್ಲ. ತಾನು ಎಲ್ಲಿದ್ದೇನೆ ಎನ್ನುವುದು ಕಂಡರೆ ಸಾಕು.

ಎರಡನೇ ತಿದ್ದುಪಡಿ, ಸಾಕ್ಷಿ. ನಮ್ಮ ಹುಡುಗಿ ನಾಲ್ಕನೇ ವಾರದಿಂದ ಒಂದು ಒಳ್ಳೆಯ ಕೆಲಸ ಮಾಡಿದ್ದಳು. ಕೆಮಿಸ್ಟ್ ನೋಡಿದ ಸ್ಯಾಂಪಲ್ಲುಗಳಲ್ಲಿ ಕೆಲವನ್ನು ತಾನೂ ಮಾಡಿ, ಎರಡೂ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಟ್ಟಿದ್ದಳು. ಅಂಥವು ಇಪ್ಪತ್ತು. ಹದಿನಾರರಲ್ಲಿ ವ್ಯತ್ಯಾಸ 0.1ರ ಒಳಗೆ, ನಾಲ್ಕರಲ್ಲಿ ಹೆಚ್ಚು. ಈಗ ಸಾಲು ಹೀಗಾಯಿತು: ‘ಗರ್ಬರ್ ಪರೀಕ್ಷೆಯನ್ನು ಒಬ್ಬಳೇ ಮಾಡುತ್ತೇನೆ. 20 ಸ್ಯಾಂಪಲ್ಲುಗಳಲ್ಲಿ 16ರ ಫಲಿತಾಂಶ ಕೆಮಿಸ್ಟ್ ಅವರದಕ್ಕೆ 0.1ರ ಒಳಗೆ ಹೊಂದಿದೆ. ಉಳಿದ ನಾಲ್ಕು, ಕೊರತೆಯ ಖಾನೆ ನೋಡಿ.’

ಇಲ್ಲಿ ಅಂಕ ಕೊಟ್ಟುಕೊಳ್ಳುವ ಕಾಲಂ ಬಗ್ಗೆ ಒಂದು ಮಾತು. ಕೆಲವು ನಮೂನೆಗಳಲ್ಲಿ ‘ನಿಮ್ಮನ್ನು ಐದಕ್ಕೆ ಎಷ್ಟೆಂದು ಅಳೆಯುತ್ತೀರಿ’ ಎಂದಿರುತ್ತದೆ. ಸಂಕೋಚದವರು ಮೂರು ಬರೆಯುತ್ತಾರೆ, ಧೈರ್ಯಸ್ಥರು ನಾಲ್ಕು. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್, ಡೇವಿಡ್ ಡನಿಂಗ್ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಎಷ್ಟು ಚೆನ್ನಾಗಿ ಮಾಡಿದಿರಿ ಎಂದು ಅವರನ್ನೇ ಕೇಳಿದರು. ಕೊನೆಯ ಕಾಲು ಭಾಗದಲ್ಲಿದ್ದವರು ಸರಾಸರಿಯಲ್ಲಿ ನೂರರಲ್ಲಿ ಹನ್ನೆರಡು ಜನರನ್ನಷ್ಟೇ ಹಿಂದೆ ಹಾಕಿದ್ದರು. ಅರವತ್ತೆರಡು ಜನರನ್ನು ಹಿಂದೆ ಹಾಕಿದ್ದೇವೆ ಎಂದುಕೊಂಡಿದ್ದರು. ಮೇಲಿನ ಸಾಲಿನವರು ತಮ್ಮನ್ನು ಇರುವುದಕ್ಕಿಂತ ಕಡಿಮೆಯೆಂದು ಎಣಿಸಿದ್ದರು. ಈ ಅಧ್ಯಯನದ ಲೆಕ್ಕಾಚಾರದ ಬಗ್ಗೆ ಆಮೇಲೆ ತಕರಾರುಗಳೂ ಎದ್ದವು. ಆದರೂ ಆಧಾರವಿಲ್ಲದ ಅಂಕ ಓದುವವರಿಗೆ ಏನೂ ತಿಳಿಸದು ಎನ್ನುವುದಕ್ಕೆ ಮನಃಶಾಸ್ತ್ರ ಬೇಕಿಲ್ಲ. ಕಾಲಂ ಖಾಲಿ ಬಿಡುವ ಹಾಗಿಲ್ಲದಿದ್ದರೆ ಅಂಕದ ಪಕ್ಕದಲ್ಲೇ ‘20ರಲ್ಲಿ 16’ ಎಂದು ಬರೆದುಬಿಡುವುದು ವಾಸಿ.

ಇನ್ನು ಕೊರತೆ. ಹೆಚ್ಚಿನವರು ಎಡವುವುದು ಇಲ್ಲೇ. ತಪ್ಪೊಪ್ಪಿಗೆಯ ಹಾಗೆ ಕಾಣಬಾರದೆಂದು ‘ಸಮಯ ನಿರ್ವಹಣೆ’, ‘ಸಂವಹನ ಕೌಶಲ’ ಎಂಬ, ಯಾರಿಗೂ ನೋವಾಗದ ಎರಡು ಪದ ಬರೆದು ಪಾರಾಗುತ್ತಾರೆ. ನಿಜವಾಗಿ ಆರನೇ ವಾರದಲ್ಲಿ ಆಗದೆ ಉಳಿದ ಕೆಲಸಗಳೆಲ್ಲ ಒಂದೇ ಜಾತಿಯವಲ್ಲ. ಅವಕಾಶವಿದ್ದೂ ಕೈ ಹಿಡಿಯದ್ದು ಒಂದು. ಅವಕಾಶವೇ ಸಿಗದ್ದು ಇನ್ನೊಂದು. ಬೇರೆಯವರ ಸಹಿಗೆ ಕಾಯುತ್ತಿರುವುದು ಮತ್ತೊಂದು. ಮೂರನ್ನೂ ‘ಕೊರತೆ’ ಎಂದು ಒಂದೇ ಗಂಟು ಕಟ್ಟಿದರೆ, ತನ್ನದಲ್ಲದ ತಪ್ಪೂ ವಿದ್ಯಾರ್ಥಿಯ ತಲೆಗೆ ಬರುತ್ತದೆ, ತನ್ನದಾದ ತಪ್ಪೂ ಅದರಲ್ಲಿ ಮರೆಯಾಗುತ್ತದೆ.

ಮೊದಲ ಜಾತಿಗೆ ಸೇರಿದ್ದು ಆ ನಾಲ್ಕು ಸ್ಯಾಂಪಲ್ಲು. ನೋಟ್‌ಬುಕ್ ತೆರೆದು ನೋಡಿದಾಗ ಅವಳಿಗೆ ಎರಡು ಸಂಗತಿ ಕಂಡವು. ನಾಲ್ಕರಲ್ಲೂ ಅವಳ ಅಂಕಿ ಕೆಮಿಸ್ಟ್ ಅಂಕಿಗಿಂತ ಕಡಿಮೆ, ಒಂದರಲ್ಲೂ ಹೆಚ್ಚಿಲ್ಲ. ಕೈತಪ್ಪಿನಿಂದ ಆದದ್ದಾದರೆ ಮೇಲೆ ಕೆಳಗೆ ಎರಡೂ ಕಡೆ ಹೋಗಬೇಕಿತ್ತು. ಜೊತೆಗೆ ನಾಲ್ಕೂ ಬೆಳಿಗ್ಗೆ ಟ್ಯಾಂಕರುಗಳು ಸಾಲುಗಟ್ಟಿದ ಹೊತ್ತಿನವು. ಆ ಹೊತ್ತಿನಲ್ಲಿ ಕೆಮಿಸ್ಟ್ ಸ್ಯಾಂಪಲ್ ಬಂದ ಕೂಡಲೇ ತೆಗೆದುಕೊಳ್ಳುತ್ತಿದ್ದರು. ಅವಳ ಸರದಿ ಬರುವಾಗ ಅದೇ ಬಾಟಲಿ ಮೇಜಿನ ಮೇಲೆ ಅರ್ಧ ಮುಕ್ಕಾಲು ಗಂಟೆ ನಿಂತಿರುತ್ತಿತ್ತು. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಬಾಟಲಿಯನ್ನು ಮತ್ತೆ ಮೇಲೆ ಕೆಳಗೆ ಮಾಡಿ ಬೆರೆಸದೆ ಪಿಪೆಟ್ಟಿನ ತುದಿಯನ್ನು ತಳಕ್ಕೆ ಇಳಿಸಿ ಎಳೆದುಕೊಂಡರೆ ಸಿಗುವುದು ಕೆನೆ ಬಿಟ್ಟ ಹಾಲು. ಫ್ಯಾಟ್ ಕಡಿಮೆ ಬರಲೇಬೇಕು.

ಕೊರತೆಯ ಖಾನೆಗೆ ಬೇಕಾದ ಸಾಲು ಈಗ ತಾನಾಗಿಯೇ ಸಿಕ್ಕಿತು: ‘ನಾಲ್ಕು ಸ್ಯಾಂಪಲ್ಲುಗಳಲ್ಲಿ 0.2ರಿಂದ 0.3ರಷ್ಟು ಕಡಿಮೆ ಬಂದಿದೆ. ನಾಲ್ಕೂ ತಡವಾಗಿ ತೆಗೆದವು. ಪಿಪೆಟ್ ಹಾಕುವ ಮೊದಲು ಬಾಟಲಿಯನ್ನು ಮತ್ತೆ ಬೆರೆಸಿರಲಿಲ್ಲ ಎಂದು ನನ್ನ ಅಂದಾಜು. ಖಚಿತ ಮಾಡಿಕೊಂಡಿಲ್ಲ.’ ಕೊನೆಯ ಎರಡು ಪದಗಳನ್ನು ಬಿಡಬಾರದು. ಕಾರಣ ಊಹಿಸಿದ್ದಾಳೆ, ಪರೀಕ್ಷಿಸಿಲ್ಲ. ಪರೀಕ್ಷಿಸುವುದು ಕಷ್ಟವೂ ಅಲ್ಲ: ಅರ್ಧ ಗಂಟೆ ನಿಲ್ಲಿಸಿದ ಒಂದೇ ಬಾಟಲಿಯಿಂದ ಬೆರೆಸದೆ ಒಂದು ಕೊಳವೆ, ಬೆರೆಸಿ ಇನ್ನೊಂದು ಕೊಳವೆ ಮಾಡಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಇಂಥ ಕೊರತೆ ಓದಿದ ಯಾವ ಗೈಡೂ ವಿದ್ಯಾರ್ಥಿಯನ್ನು ದಡ್ಡಿ ಎಂದುಕೊಳ್ಳುವುದಿಲ್ಲ. ಹದಿನಾರು ಸರಿ ಬಂದದ್ದಕ್ಕಿಂತ ಈ ನಾಲ್ಕನ್ನು ಬಿಡಿಸಿ ನೋಡಿದ್ದೇ ದೊಡ್ಡದು ಎಂದು ನನ್ನ ಎಣಿಕೆ.

ಎರಡನೇ ಜಾತಿಗೆ ಮೆಥಿಲೀನ್ ಬ್ಲೂ ಪರೀಕ್ಷೆ ಒಳ್ಳೆಯ ನಿದರ್ಶನ. 10 ಮಿಲಿ ಹಾಲಿಗೆ 1 ಮಿಲಿ ನೀಲಿ ಬಣ್ಣದ ದ್ರಾವಣ ಸೇರಿಸಿ 37 ಡಿಗ್ರಿ ನೀರಿನಲ್ಲಿ ಇಟ್ಟು ಕಾಯಬೇಕು. ಹಾಲಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಅರ್ಧ ಗಂಟೆಯೊಳಗೆ ಬಿಳಿಯಾದರೆ ಕೆಟ್ಟ ಹಾಲು. ಐದು ಗಂಟೆ ದಾಟಿದರೆ ಬಹಳ ಒಳ್ಳೆಯದು. ನಮ್ಮ ಹುಡುಗಿ ಜನರಲ್ ಶಿಫ್ಟಿನಲ್ಲಿದ್ದಾಳೆ. ಟ್ಯಾಂಕರ್ ಇಳಿದು ಕೊಳವೆ ನೀರಿಗೆ ಇಳಿಯುವಾಗ ಹನ್ನೊಂದೂವರೆ. ಅವಳ ಬಸ್ಸು ಹೊರಡುವುದು ನಾಲ್ಕಕ್ಕೆ. ಹಾಲು ಚೆನ್ನಾಗಿದ್ದ ದಿನ ಅದರ ಕೊನೆ ನೋಡಲು ಅವಳು ಲ್ಯಾಬಿನಲ್ಲೇ ಇರುವುದಿಲ್ಲ. ಆರು ವಾರದಲ್ಲಿ ಅವಳು ಪೂರ್ತಿ ನೋಡಿದ್ದು ಸಾಧಾರಣ, ಕಳಪೆ ಹಾಲನ್ನು ಮಾತ್ರ. ಇದು ಅವಳ ಸಾಮರ್ಥ್ಯದ ಮಾತೇ ಅಲ್ಲ. ‘ಎಂಟನೇ ವಾರ ಎರಡನೇ ಶಿಫ್ಟಿಗೆ ಹಾಕಿಕೊಟ್ಟರೆ ಈ ಪರೀಕ್ಷೆಯನ್ನು ಮೊದಲಿಂದ ಕೊನೆಯವರೆಗೆ ಮಾಡಬಹುದು’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಬಾಯಲ್ಲಿ ಕೇಳಲು ಹಿಂಜರಿಯುವ ಹುಡುಗರು ಹಾಳೆಯ ಮೂಲಕ ಕೇಳಬಹುದು. ಶಿಫ್ಟ್ ಬದಲಿಸಿಕೊಡುವ ಅಧಿಕಾರ ಇರುವವರು ಅವತ್ತು ಎದುರಿಗೇ ಕೂತಿರುತ್ತಾರೆ.

ಮೂರನೆಯದು ಸ್ವಲ್ಪ ನಾಜೂಕಿನದು. ಪ್ರಾಜೆಕ್ಟಿಗೆ ಶೀತಲೀಕರಣ ಕೇಂದ್ರದ ರಿಜಿಸ್ಟರ್ ಬೇಕು. ಹಾಲು ಶೇಖರಣಾ ವಿಭಾಗದ ಅನುಮತಿ ಇನ್ನೂ ಬಂದಿಲ್ಲ. ‘ಸಹಕಾರ ಸಿಗಲಿಲ್ಲ’ ಎಂದು ಬರೆದರೆ ಅದು ದೂರಾಯಿತು. ಮೀಟಿಂಗಿನ ಅರ್ಧ ಹೊತ್ತು ಆ ವಿಭಾಗವನ್ನು ಸಮರ್ಥಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಏನೂ ಬರೆಯದಿದ್ದರೆ ಹನ್ನೊಂದನೇ ವಾರದಲ್ಲಿ ‘ಮೊದಲೇ ಹೇಳಬಾರದಿತ್ತೇನಮ್ಮಾ?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಬೇಕಿರುವುದು ತಾರೀಕು ಮತ್ತು ಮುಂದಿನ ದಾರಿ. ಎರಡನೇ ವಾರ ಪತ್ರ ಕೊಟ್ಟಿದ್ದೇನೆ, ನಾಲ್ಕನೇ ವಾರ ನೆನಪಿಸಿದ್ದೇನೆ, ಏಳನೇ ವಾರದ ಕೊನೆಯೊಳಗೆ ಸಿಕ್ಕರೆ ಪ್ರಾಜೆಕ್ಟ್ ಮುಗಿಯುತ್ತದೆ, ಸಿಗದಿದ್ದರೆ ಡೇರಿಯೊಳಗಿನ ಸ್ಯಾಂಪಲ್ಲುಗಳನ್ನಷ್ಟೇ ಇಟ್ಟುಕೊಂಡು ಮಾಡುತ್ತೇನೆ ಎಂದರೆ ಯಾರ ಮೇಲೂ ಬೊಟ್ಟು ಮಾಡಿದಂತಾಗಲಿಲ್ಲ. ಎಲ್ಲರಿಗೂ ಗಡುವು ಗೊತ್ತಾಯಿತು.

ಇನ್ನು ಗುರಿಯ ಖಾನೆ. ಇಲ್ಲಿ ಮೊದಲು ಕ್ಯಾಲೆಂಡರ್ ತೆಗೆದುಕೊಳ್ಳಬೇಕು, ಪೆನ್ನು ಆಮೇಲೆ. ಆರು ವಾರ ಎಂದರೆ ವಾರಕ್ಕೆ ಆರು ದಿನದಂತೆ 36 ದಿನ. ಕೊನೆಯ ವಾರ ಪೂರ್ತಿ ಅಂತಿಮ ವರದಿಗೆ ಹೋಗುತ್ತದೆ, ಉಳಿದದ್ದು 30. ಕಾಲೇಜಿನ ಸೆಮಿನಾರಿಗೆ ಎರಡು ದಿನ, ಹಬ್ಬಕ್ಕೆ ಎರಡು ದಿನ ಕಳೆದರೆ 26. ಬೆಳಗಿನ ಹೊತ್ತೆಲ್ಲ ಟ್ಯಾಂಕರ್ ಕೆಲಸಕ್ಕೇ ಆಗುವುದರಿಂದ ಅವಳ ಸ್ವಂತಕ್ಕೆ ಸಿಗುವುದು ದಿನದ ಅರ್ಧ. ಲೆಕ್ಕಕ್ಕೆ ಕೈಯಲ್ಲಿರುವುದು ಹದಿಮೂರು ದಿನ. ‘ಇನ್ನೂ ಒಂದೂವರೆ ತಿಂಗಳಿದೆ’ ಎಂದುಕೊಂಡು ಬರೆದ ಗುರಿಗಳು ಹದಿಮೂರು ದಿನದೊಳಗೆ ಹಿಡಿಯುವುದಿಲ್ಲ.

ಆ ಹದಿಮೂರನ್ನೂ ಪೂರ್ತಿ ನೆಚ್ಚುವಂತಿಲ್ಲ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ಕೊನೆಯ ವರ್ಷದ ಮನಃಶಾಸ್ತ್ರ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಅವರ ಅಂದಾಜು ಸರಾಸರಿ 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಹಿಡಿಯಬಹುದು ಎಂದಾಗ ಸುಮಾರು 49 ಎಂದರು. ಹಿಡಿದದ್ದು 55ರ ಮೇಲೆ. ತೀರಾ ಕೆಟ್ಟದ್ದನ್ನು ಊಹಿಸಿಕೊಂಡಾಗಲೂ ಅವರ ಲೆಕ್ಕ ವಾಸ್ತವವನ್ನು ಮುಟ್ಟಲಿಲ್ಲ. ಇಂಟರ್ನಿಗೆ ಇದರಿಂದ ಆಗುವ ಉಪಯೋಗ ಇಷ್ಟೇ: ಮೊದಲ ಆರು ವಾರದಲ್ಲಿ ತಾನು ಯೋಜಿಸಿದ್ದರಲ್ಲಿ ಎಷ್ಟು ನಿಜವಾಗಿ ಮುಗಿಯಿತೆಂದು ಹಿಂದಿರುಗಿ ನೋಡಬೇಕು. ನಾಲ್ಕರಲ್ಲಿ ಎರಡು ಮುಗಿದಿದ್ದರೆ, ಮುಂದೆಯೂ ಅದೇ ವೇಗವೆಂದು ಹಿಡಿದು ಗುರಿ ಕತ್ತರಿಸಬೇಕು.

ನಮ್ಮ ಹುಡುಗಿಯ ಪ್ರಾಜೆಕ್ಟು ಮೂಲದಲ್ಲಿ ನಾಲ್ಕು ಕೇಂದ್ರಗಳದ್ದು. ಅದು ಒಂದಕ್ಕೆ ಇಳಿಯಿತು: ಒಂದು ಕೇಂದ್ರ, ಹನ್ನೆರಡು ಟ್ಯಾಂಕರು. ಪ್ರತಿ ಟ್ಯಾಂಕರಿಗೆ ಮೂರು ಅಂಕಿ. ಕೇಂದ್ರದವರು ರಿಜಿಸ್ಟರಿನಲ್ಲಿ ಬರೆದ ಫ್ಯಾಟ್. ಅಲ್ಲೇ ತುಂಬಿ, ಸೀಲ್ ಮಾಡಿ, ಐಸ್ ಡಬ್ಬಿಯಲ್ಲಿ ಚಾಲಕನ ಕೈಯಲ್ಲಿ ಕಳಿಸಿದ ಬಾಟಲಿಯ ಫ್ಯಾಟ್. ಡೇರಿಯಲ್ಲಿ ಟ್ಯಾಂಕರಿನಿಂದ ತೆಗೆದ ಸ್ಯಾಂಪಲ್ಲಿನ ಫ್ಯಾಟ್. ಸೀಲ್ ಮಾಡಿದ ಬಾಟಲಿಯೂ ಟ್ಯಾಂಕರೂ ಹೊಂದಿ, ರಿಜಿಸ್ಟರ್ ಬೇರೆ ಹೇಳಿದರೆ ಕೇಂದ್ರದ ಪರೀಕ್ಷೆಯನ್ನು ನೋಡಬೇಕು. ರಿಜಿಸ್ಟರೂ ಬಾಟಲಿಯೂ ಹೊಂದಿ, ಟ್ಯಾಂಕರ್ ಬೇರೆಯಾದರೆ ಒಂದೋ ದಾರಿಯಲ್ಲಿ ಏನೋ ಆಗಿದೆ, ಇಲ್ಲವೇ ಟ್ಯಾಂಕರಿನ ಹಾಲನ್ನು ಸರಿಯಾಗಿ ಕಲಕದೆ ಸ್ಯಾಂಪಲ್ ತೆಗೆದಿದ್ದಾರೆ. ಹನ್ನೆರಡು ಟ್ಯಾಂಕರಿನಿಂದ ಇಡೀ ಒಕ್ಕೂಟದ ಬಗ್ಗೆ ಏನೂ ಹೇಳಲಾಗದು. ಆ ಒಂದು ಕೇಂದ್ರದಲ್ಲಿ ಎಲ್ಲಿ ಹುಡುಕಬೇಕೆಂದು ಹೇಳಬಹುದು. ಮಾಡಬಹುದಾದ ಕೆಲಸ ಅದು. ಪ್ಯಾಕಿಂಗ್ ವಿಭಾಗದ ಒಂದು ವಾರವನ್ನು ಕೈಬಿಡುವುದಾಗಿ ಅವಳೇ ಬರೆದಳು. ಎಲ್ಲವನ್ನೂ ಪಟ್ಟಿಯಲ್ಲಿ ಉಳಿಸಿಕೊಂಡು ಯಾವುದನ್ನೂ ಮುಗಿಸದಿರುವುದಕ್ಕಿಂತ ಇದು ಲೇಸು. ಆದರೆ ಕೈಬಿಡುವುದಕ್ಕೆ ಕಾಲೇಜಿನ ಗೈಡ್ ಒಪ್ಪಬೇಕು. ಅವರ ಅಂಕಪಟ್ಟಿಯಲ್ಲಿ ಪ್ಯಾಕಿಂಗಿಗೆಂದೇ ಅಂಕವಿದ್ದರೆ ಲೆಕ್ಕ ಬೇರೆ.

ಮೀಟಿಂಗ್ ಅರ್ಧ ಗಂಟೆಯದು. ಹಾಳೆ ಒಂದೂವರೆ ಪುಟಕ್ಕಿಂತ ಉದ್ದವಿದ್ದರೆ ಅಲ್ಲೇ ಕೂತು ಯಾರೂ ಓದುವುದಿಲ್ಲ. ಹಿಂದಿನ ದಿನವೇ ಕಳಿಸಿದ್ದರೆ ಓದಿಕೊಂಡು ಬರುವವರೂ ಇರುತ್ತಾರೆ. ನೋಟ್‌ಬುಕ್ ಜೊತೆಯಲ್ಲಿರಬೇಕು. ಯಾಕೆಂದರೆ ಹೀಗೆ ಬರೆದ ಹಾಳೆಗೆ ಹೊಗಳಿಕೆ ಬರುವುದಿಲ್ಲ, ಪ್ರಶ್ನೆ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ಕೆಮಿಸ್ಟ್ ಕೇಳುವ ಮೊದಲ ಪ್ರಶ್ನೆ ಊಹಿಸುವುದು ಕಷ್ಟವಲ್ಲ. ‘ಹದಿನಾರು ಹೊಂದಿದೆ ಅಂತ ಬರೆದಿದ್ದೀಯಲ್ಲಮ್ಮಾ, ನನ್ನ ರೀಡಿಂಗ್ ನೋಡಿದ ಮೇಲೆ ನಿನ್ನದು ಬರೆದೆಯಾ, ಮೊದಲೇ ಬರೆದೆಯಾ?’

‘ಕೆಲವು ಸಲ ನಿಮ್ಮ ರಿಜಿಸ್ಟರ್ ನೋಡಿಬಿಟ್ಟಿದ್ದೆ ಮೇಡಂ.’

ಕೆಮಿಸ್ಟ್ 3.6 ಎಂದು ಬರೆದದ್ದನ್ನು ನೋಡಿದ ಕಣ್ಣು, 3.5ಕ್ಕೂ 3.6ಕ್ಕೂ ನಡುವೆ ನಿಂತ ಕೊಬ್ಬಿನ ಕಂಬವನ್ನು 3.6 ಎಂದೇ ಓದುತ್ತದೆ. ಅದರಲ್ಲಿ ಮೋಸವಿಲ್ಲ, ಎಲ್ಲರ ಕಣ್ಣೂ ಹಾಗೆಯೇ. ಆದರೆ ಹದಿನಾರರಲ್ಲಿ ಎಷ್ಟು ನಿಜವಾಗಿ ಅವಳದ್ದು ಎನ್ನುವುದು ಈಗ ಹೇಳಲಾಗದ ಮಾತಾಯಿತು. ಹಾಗಾಗಿ ಗುರಿಯ ಖಾನೆಯಲ್ಲಿ ಅವಳು ಬರೆದ ‘ಇನ್ನೂ 20 ಸ್ಯಾಂಪಲ್ ಹೋಲಿಕೆ’ ಎಂಬ ಸಾಲು ಮೀಟಿಂಗಿನಲ್ಲೇ ತಿದ್ದುಪಡಿಯಾಗುತ್ತದೆ. ಸ್ಯಾಂಪಲ್ ಯಾವುದೆಂದು ಕೆಮಿಸ್ಟ್ ಆರಿಸುತ್ತಾರೆ. ಇಬ್ಬರೂ ತಮ್ಮ ಅಂಕಿಯನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಡ್ರಾಯರಿಗೆ ಹಾಕುತ್ತಾರೆ. ಸಂಜೆ ಒಟ್ಟಿಗೆ ತೆರೆಯುತ್ತಾರೆ. ಅರ್ಧದಷ್ಟು ಸ್ಯಾಂಪಲ್ ಟ್ಯಾಂಕರುಗಳ ರಶ್ ಹೊತ್ತಿನದ್ದೇ ಆಗಿರಬೇಕು. ಇಪ್ಪತ್ತರಲ್ಲಿ ಹತ್ತೊಂಬತ್ತು 0.1ರ ಒಳಗೆ ಬಂದರೆ ಒಂಬತ್ತನೇ ವಾರದಿಂದ ಒಂದು ರೂಟಿನ ಟ್ಯಾಂಕರುಗಳ ಫ್ಯಾಟ್ ಕಾಲಂ ಅವಳೇ ತುಂಬಬಹುದು, ಕೆಮಿಸ್ಟ್ ಪಕ್ಕದಲ್ಲಿ ಸಹಿ ಹಾಕುತ್ತಾರೆ. ಎಂಟನೇ ವಾರಕ್ಕೆ ಎರಡನೇ ಶಿಫ್ಟ್ ಒಪ್ಪಿಗೆ. ವಾಪಸು ಹೋಗಲು ರಾತ್ರಿ ಬಸ್ಸಿದೆಯೇ ಎಂದು ವಿಚಾರಿಸುವುದು ಡೇರಿಯವರ ಹೊಣೆ. ಶೇಖರಣಾ ವಿಭಾಗಕ್ಕೆ ಫೋನ್ ಮಾಡುವುದು ಕಾರ್ಖಾನೆಯ ಗೈಡ್ ಕೆಲಸ, ಶನಿವಾರದೊಳಗೆ. ಪ್ಯಾಕಿಂಗ್ ಪೂರ್ತಿ ಬಿಡುವುದಕ್ಕೆ ಕಾಲೇಜಿನ ಗೈಡ್ ಒಪ್ಪಲಿಲ್ಲ. ಒಂದು ವಾರದ ಬದಲು ಎರಡು ದಿನ ಎಂದಾಯಿತು. ಅವಳ ಹದಿಮೂರು ದಿನದ ಲೆಕ್ಕದಲ್ಲಿ ಅವೆರಡೂ ಕಳೆದುಹೋದವು. ಹನ್ನೆರಡು ಟ್ಯಾಂಕರ್ ಹತ್ತಕ್ಕೆ ಇಳಿಯಿತು.